ಲೇ ಬೆಟ್ ಹಾಕೋ ಮುಂಚೆ ಲಯಬಿಲಿಟಿ ನೋಡಿ, 50 ಅಂತ ಹಾಕಿದ್ದಕ್ಕೆ 550 ಹೋಯ್ತು

ಬೆಟ್ಟಿಂಗ್ ಎಕ್ಸ್‌ಚೇಂಜ್‌ನಲ್ಲಿ ಹೊಸದಾಗಿ ಲೇ ಮಾಡೋಕೆ, ಅಂದ್ರೆ ಒಂದು ಕುದುರೆ ಗೆಲ್ಲಲ್ಲ ಅಂತ ಬೆಟ್ ಹಾಕೋಕೆ ಹೊರಟಿರೋರು, ಅದ್ರಲ್ಲೂ ಯಾವುದೋ ಟಿಪ್ಸ್ ಚಾನೆಲ್ ಸೇರ್ಕೊಂಡು "ಹತ್ತರಲ್ಲಿ ಒಂಬತ್ತು ಗ್ಯಾರಂಟಿ ಗೆಲ್ತೀವಿ" ಅನ್ನೋ ಮಾತು ನಂಬಿರೋರು, ದಯವಿಟ್ಟು ಇದನ್ನ ಪೂರ್ತಿ ಓದಿ. ನನ್ನ ಜೊತೆ ಕೆಲಸ ಮಾಡೋ ಹುಡುಗ ಒಬ್ಬನ ಅಕೌಂಟಲ್ಲಿ 640 ಇತ್ತು, ಒಂದೇ ಒಂದು ಕುದುರೆ ರೇಸ್ ಮುಗಿಯೋ ಅಷ್ಟರಲ್ಲಿ 90ಕ್ಕೆ ಇಳೀತು. ಅವನು ಸ್ಟೇಕ್ ಬಾಕ್ಸಲ್ಲಿ ಟೈಪ್ ಮಾಡಿದ್ದು ಬರೀ 50. ಕರೆನ್ಸಿ ಯಾವುದಾದ್ರೂ ಲೆಕ್ಕ ಅದೇ, ಹಾಗಾಗಿ ಬರೀ ನಂಬರ್ ಬರೀತೀನಿ.

ಅವನಿಗೆ ಆ ಚಾನೆಲ್‌ನವರು ಹೇಳಿದ್ದು ಇಷ್ಟೇ: ಗೆಲ್ಲೋ ಕುದುರೆ ಹುಡುಕೋದು ಕಷ್ಟ, ಸೋಲೋ ಕುದುರೆ ಹುಡುಕೋದು ಸುಲಭ, ಅದಕ್ಕೆ ದೊಡ್ಡ ಆಡ್ಸ್ ಇರೋ ಕುದುರೆನ ಲೇ ಮಾಡು, ಪ್ರತಿ ಸಲ 50 ಹಾಕು, ದಿನಾ ದುಡ್ಡು ಬರುತ್ತೆ. ಮೊದಲ ಕೆಲವು ಬೆಟ್ ಗೆದ್ದೂ ಗೆದ್ದ. ಆಮೇಲೆ 12.0 ಆಡ್ಸ್ ಇದ್ದ ಕುದುರೆ ಒಂದು ಗೆದ್ದುಬಿಡ್ತು, ಸೈಟಲ್ಲಿ ಏನೋ ಮೋಸ ಆಗಿದೆ ಅಂತ ಸ್ಟೇಟ್‌ಮೆಂಟ್ ಹಿಡ್ಕೊಂಡು ನನ್ನ ಹತ್ರ ಬಂದ. ಇಬ್ರೂ ಕೂತು ಒಂದೊಂದೇ ಸಾಲು ನೋಡಿದ್ವಿ, ಸೈಟಿನ ಲೆಕ್ಕ ಸರಿಯಾಗೇ ಇತ್ತು, ಮೋಸ ಇದ್ದಿದ್ದು ಆ ಟಿಪ್ಸ್ ಕೊಟ್ಟವರ ಮಾತಲ್ಲಿ.

ವಿಷಯ ಏನಂದ್ರೆ, ಬ್ಯಾಕ್ ಮಾಡೋವಾಗ, ಅಂದ್ರೆ ಗೆಲ್ಲುತ್ತೆ ಅಂತ ಹಾಕೋವಾಗ, ನೀವು ಬೆಟ್ ಕಟ್ಟೋರು, ಲೇ ಮಾಡೋವಾಗ ನೀವೇ ಬುಕ್ಕಿ. ಎದುರಿಗೆ ಇನ್ನೊಬ್ಬ ಯಾರೋ ಅದೇ ಕುದುರೆ ಗೆಲ್ಲುತ್ತೆ ಅಂತ 50 ಕಟ್ಟಿರ್ತಾನೆ, ನೀವು ಆಗ್ಲಿ ಅಂತ ಒಪ್ಕೊಂಡಿರ್ತೀರ. ಕುದುರೆ ಸೋತ್ರೆ ಅವನ 50 ನಿಮ್ಗೆ. ಗೆದ್ರೆ ಅವನಿಗೆ ಬರಬೇಕಾದ ಲಾಭ ಪೂರ್ತಿ ನಿಮ್ಮ ಜೇಬಿಂದ ಹೋಗಬೇಕು. 12.0 ಆಡ್ಸ್‌ಗೆ 50 ಕಟ್ಟಿದೋನಿಗೆ ಒಟ್ಟು 600 ವಾಪಸ್ ಬರುತ್ತೆ, ಅದ್ರಲ್ಲಿ 50 ಅವನದೇ, ಉಳಿದ 550 ನೀವು ಕೊಡಬೇಕು. ಆ 550ನೇ ಲಯಬಿಲಿಟಿ. ಅಂದ್ರೆ ಲೇ ಮಾಡೋವಾಗ ಸ್ಟೇಕ್ ಅಂತ ಟೈಪ್ ಮಾಡೋದು ನೀವು ಕಳ್ಕೊಳ್ಳೋ ದುಡ್ಡಲ್ಲ, ನೀವು ಗೆದ್ರೆ ನಿಮ್ಗೆ ಸಿಗೋ ದುಡ್ಡು. ಸೂತ್ರ ಇಷ್ಟೇ:

ಲಯಬಿಲಿಟಿ = ಸ್ಟೇಕ್ × (ಆಡ್ಸ್ − 1)

ಒಂದೇ ಸ್ಟೇಕ್ ಇಟ್ಕೊಂಡು ಆಡ್ಸ್ ಮಾತ್ರ ಬದಲಾಯಿಸಿ ನೋಡಿದ್ರೆ ಚೆನ್ನಾಗಿ ಗೊತ್ತಾಗುತ್ತೆ. 50 ಸ್ಟೇಕನ್ನ 1.5ಕ್ಕೆ ಲೇ ಮಾಡಿದ್ರೆ ಲಯಬಿಲಿಟಿ 25, ಅಂದ್ರೆ ನಿಮ್ಮ ಬೆಟ್ ಸೋತ್ರೆ 25 ಹೋಗುತ್ತೆ, ಗೆದ್ರೆ 50 ಬರುತ್ತೆ. 2.0ಕ್ಕೆ ಮಾಡಿದ್ರೆ ಹೋಗೋದೂ 50, ಬರೋದೂ 50. 3.0ಕ್ಕೆ ಹೋದ್ರೆ ಲಯಬಿಲಿಟಿ 100, 6.0ಕ್ಕೆ 250, 12.0ಕ್ಕೆ 550. ಈ ಎಲ್ಲದ್ರಲ್ಲೂ ಗೆದ್ರೆ ಸಿಗೋದು ಅದೇ 50, ಒಂದು ಪೈಸೆ ಜಾಸ್ತಿ ಇಲ್ಲ, ಅದ್ರಲ್ಲೂ ಕಮಿಷನ್ ಹಿಡೀತಾರೆ, 2 ಪರ್ಸೆಂಟ್ ಅಂದ್ಕೊಂಡ್ರೆ ಕೈಗೆ 49. ಅದೇ ಕುದುರೆನ 12.0ಕ್ಕೆ ಬ್ಯಾಕ್ ಮಾಡಿದೋನಿಗೆ ಉಲ್ಟಾ, ಸೋತ್ರೆ 50 ಅಷ್ಟೇ, ಗೆದ್ರೆ ಕಮಿಷನ್‌ಗೆ ಮುಂಚೆ 550. ಸ್ಟೇಕ್ ಅನ್ನೋ ಪದ ಎರಡೂ ಕಡೆ ಒಂದೇ ಇರೋದ್ರಿಂದ ಬ್ಯಾಕ್ ಮಾಡಿ ಅಭ್ಯಾಸ ಇರೋರು ಇಲ್ಲೇ ಸಿಕ್ಕಿಹಾಕ್ಕೊಳ್ತಾರೆ.

ಈಗ ಆ "ಹತ್ತರಲ್ಲಿ ಒಂಬತ್ತು" ಅನ್ನೋ ಮಾತಿಗೆ ಬರೋಣ, ನಂಗೆ ಅತಿ ಹೆಚ್ಚು ಸಿಟ್ಟು ಬಂದಿದ್ದು ಇದಕ್ಕೆ. ಅವರು ಹೇಳಿದ್ದು ಸುಳ್ಳಲ್ಲ ಅಂತಾನೇ ಇಟ್ಕೊಳ್ಳಿ, 12.0 ಆಡ್ಸ್‌ನ ಹತ್ತು ಲೇ ಬೆಟ್‌ನಲ್ಲಿ ಒಂಬತ್ತು ನಿಜವಾಗ್ಲೂ ಗೆದ್ವು ಅಂತ. ಒಂಬತ್ತು ಸಲ 50 ಅಂದ್ರೆ 450 ಬಂತು. ಹತ್ತನೇದರಲ್ಲಿ 550 ಹೋಯ್ತು. ಒಟ್ಟು 100 ನಷ್ಟ, ಕಮಿಷನ್ ಇನ್ನೂ ಕಳೆದೇ ಇಲ್ಲ. ನೂರಕ್ಕೆ ತೊಂಬತ್ತು ಸಲ ಗೆದ್ದೂ ದುಡ್ಡು ಕರಗುತ್ತೆ. 12.0ಕ್ಕೆ ಲೇ ಮಾಡಿ ಕಮಿಷನ್ ಇಲ್ಲದೇನೇ ಅಸಲು ಉಳಿಸ್ಕೋಬೇಕು ಅಂದ್ರೆ ಹನ್ನೆರಡರಲ್ಲಿ ಹನ್ನೊಂದು ಗೆಲ್ಲಬೇಕು, ಅಂದ್ರೆ ಸುಮಾರು 91.7 ಪರ್ಸೆಂಟ್, 2 ಪರ್ಸೆಂಟ್ ಕಮಿಷನ್ ಸೇರಿಸಿದ್ರೆ 91.8. ಆದ್ರೆ 2.0ಕ್ಕೆ ಲೇ ಮಾಡೋನಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಗೆದ್ರೂ ಸಾಕು. ಹಾಗಾಗಿ ಯಾವ ಆಡ್ಸ್‌ಗೆ ಅಂತ ಹೇಳ್ದೆ ಬರೀ ಎಷ್ಟು ಸಲ ಗೆದ್ವಿ ಅಂತ ತೋರಿಸೋ ಲೆಕ್ಕಕ್ಕೆ ಬೆಲೆನೇ ಇಲ್ಲ. ದೊಡ್ಡ ಆಡ್ಸ್ ಕುದುರೆ ಸೋಲೋದು ಮಾಮೂಲಿ, ಅದನ್ನ ಹುಡುಕೋಕೆ ಯಾವ ಟಿಪ್ಸ್‌ನವರೂ ಬೇಕಾಗಿಲ್ಲ. ಗೆಲುವಿನ ಸಾಲು ಉದ್ದ ಇರುತ್ತೆ, ಅದ್ರ ಸ್ಕ್ರೀನ್‌ಶಾಟ್ ಹಾಕ್ತಾರೆ, ಮಧ್ಯದಲ್ಲಿ ಬರೋ ಒಂದೇ ಒಂದು ಸೋಲು ಅಷ್ಟನ್ನೂ ತಿಂದ್ಹಾಕುತ್ತೆ.

ಸ್ಕ್ರೀನಲ್ಲಿ ಇದು ಕಾಣಲ್ವಾ ಅಂತ ಕೇಳಬಹುದು. ಕಾಣುತ್ತೆ. ತುಂಬಾ ಎಕ್ಸ್‌ಚೇಂಜ್‌ಗಳಲ್ಲಿ ಬ್ಯಾಕ್ ನೀಲಿ ಬಣ್ಣ, ಲೇ ಗುಲಾಬಿ ಬಣ್ಣ. ಗುಲಾಬಿ ಬಾಕ್ಸ್ ಒತ್ತಿದಾಗ ಬೆಟ್ ಸ್ಲಿಪ್ಪಲ್ಲಿ ಆಡ್ಸ್, ಸ್ಟೇಕ್, ಪಕ್ಕದಲ್ಲೇ ಅಥವಾ ಕೆಳಗೆ `Liability` ಅಂತ ಒಂದು ನಂಬರ್ ಬರುತ್ತೆ. ಸ್ಟೇಕ್ ಬಾಕ್ಸಿಗೆ ಕೆಲವು ಕಡೆ `Backer's Stake` ಅಂತ ಹೆಸರಿರುತ್ತೆ, ಅಂದ್ರೆ ಎದುರಿನವನ ದುಡ್ಡು ಅಂತಾನೇ ಅರ್ಥ. ಮೊಬೈಲಲ್ಲಿ ಆ ಲಯಬಿಲಿಟಿ ಸಾಲು ಸಣ್ಣ ಅಕ್ಷರದಲ್ಲಿರುತ್ತೆ, ಕೀಬೋರ್ಡ್ ತೆರೆದುಕೊಂಡ್ರೆ ಅದ್ರ ಹಿಂದೆ ಮುಚ್ಚಿ ಹೋಗೋದೂ ಉಂಟು, ಒಂದೇ ಟ್ಯಾಪಿಗೆ ಬೆಟ್ ಹೋಗೋ ಸೆಟ್ಟಿಂಗ್ ಆನ್ ಇದ್ರೆ ಸ್ಲಿಪ್ ಕಾಣಿಸೋದೇ ಇಲ್ಲ, ಹೊಸಬರು ಅದನ್ನ ಆಫ್ ಮಾಡಿಡೋದೇ ಒಳ್ಳೇದು. ಬೆಟ್ ಹೋದ್ಮೇಲೂ ಒಂದು ಗುರುತು ಇದೆ, ಬ್ಯಾಲೆನ್ಸ್ ನೋಡಿ. ಈ ಹುಡುಗನ 640ರಲ್ಲಿ ಬಳಸೋಕೆ ಸಿಗೋದು 90 ಅಂತ ತೋರಿಸ್ತಿತ್ತು, ಪಕ್ಕದಲ್ಲಿ `Exposure` ಮುಂದೆ 550 ಅಂತ ಇತ್ತು. ಎಕ್ಸ್‌ಚೇಂಜ್ ನಿಮ್ಮ ಲಯಬಿಲಿಟಿ ಪೂರ್ತಿ ಮೊದಲೇ ಹಿಡಿದಿಟ್ಕೊಳ್ಳುತ್ತೆ, ಅಷ್ಟು ದುಡ್ಡು ಅಕೌಂಟಲ್ಲಿ ಇಲ್ಲ ಅಂದ್ರೆ ಬೆಟ್ಟೇ ತಗೊಳ್ಳಲ್ಲ. ಸಾಲದಲ್ಲಿ ಬೀಳಲ್ಲ ಅನ್ನೋದು ನಿಜ, ಆದ್ರೆ ಇದ್ದಿದ್ದೆಲ್ಲಾ ಒಂದೇ ಏಟಿಗೆ ಹೋಗಬಹುದು.

ಆ ತಡೆ ಎಷ್ಟು ಮುಖ್ಯ ಅಂತ 2011ರ ಡಿಸೆಂಬರ್‌ನಲ್ಲಿ ಐರ್ಲೆಂಡಿನ ಲೆಪರ್ಡ್ಸ್‌ಟೌನ್ ರೇಸಲ್ಲಿ ಗೊತ್ತಾಯ್ತು. ವೊಲೆರ್ ಲಾ ವೆಡೆಟ್ ಅನ್ನೋ ಕುದುರೆ ಸಲೀಸಾಗಿ ಗೆಲ್ತಾ ಇರೋವಾಗ ಬೆಟ್‌ಫೇರ್ ಅನ್ನೋ ಎಕ್ಸ್‌ಚೇಂಜ್‌ನಲ್ಲಿ 28ರ ಹತ್ರದ ಆಡ್ಸ್‌ಗೆ 2 ಕೋಟಿ ಪೌಂಡ್‌ಗೂ ಮೀರಿದ ಲೇ ಕಾಣಿಸ್ಕೊಳ್ತು, ಅದ್ರ ಲಯಬಿಲಿಟಿ ಲೆಕ್ಕ ಹಾಕಿದ್ರೆ 50 ಕೋಟಿ ಪೌಂಡ್ ದಾಟುತ್ತೆ. ತಾಂತ್ರಿಕ ದೋಷದಿಂದ ಒಂದು ಅಕೌಂಟು ತನ್ನ ಮಿತಿ ಮೀರಿಬಿಟ್ಟಿತ್ತು ಅಂತ ಹೇಳಿ ರೇಸ್ ನಡೀತಿದ್ದಾಗಿನ ಬೆಟ್‌ಗಳನ್ನ ಕಂಪನಿ ರದ್ದು ಮಾಡ್ತು. ನಿಮ್ಮ ನನ್ನಂಥವರ ಬೆಟ್ ಯಾರೂ ರದ್ದು ಮಾಡಲ್ಲ.

ಇನ್ನೊಂದು ವಿಷಯ, ಮಧ್ಯದಲ್ಲಿ ಹೊರಗೆ ಬರೋ ದಾರಿ ಇದೆ ಅಂತಾನೂ ಅವನಿಗೆ ಯಾರೂ ಹೇಳಿರಲಿಲ್ಲ. ಲೇ ಮಾಡಿದ ಕುದುರೆನೇ ವಾಪಸ್ ಬ್ಯಾಕ್ ಮಾಡಿದ್ರೆ ನಷ್ಟ ಅಲ್ಲಿಗೇ ಕಟ್ಟಾಗುತ್ತೆ. ಎಷ್ಟು ಬ್ಯಾಕ್ ಮಾಡಬೇಕು ಅಂದ್ರೆ ಲೇ ಸ್ಟೇಕನ್ನ ಲೇ ಆಡ್ಸ್‌ನಿಂದ ಗುಣಿಸಿ ಈಗಿನ ಬ್ಯಾಕ್ ಆಡ್ಸ್‌ನಿಂದ ಭಾಗಿಸಬೇಕು. ರೇಸ್ ಶುರುವಾಗೋ ಮುಂಚೆ 12.0 ಇದ್ದಿದ್ದು 6.0ಕ್ಕೆ ಇಳಿದಿತ್ತು ಅಂತ ಇಟ್ಕೊಳ್ಳಿ, 50 × 12 ÷ 6, ಅಂದ್ರೆ 100 ಬ್ಯಾಕ್ ಮಾಡಬೇಕು. ಕುದುರೆ ಗೆದ್ರೆ ಬ್ಯಾಕಲ್ಲಿ 500 ಬರುತ್ತೆ ಲೇಯಲ್ಲಿ 550 ಹೋಗುತ್ತೆ, ಸೋತ್ರೆ ಲೇಯಲ್ಲಿ 50 ಬರುತ್ತೆ ಬ್ಯಾಕಲ್ಲಿ 100 ಹೋಗುತ್ತೆ, ಎರಡರಲ್ಲೂ ನಷ್ಟ 50. ರೇಸ್ ಮಧ್ಯೆ 2.0 ಆಗೋವರೆಗೂ ಕಾದ್ರೆ 300 ಬ್ಯಾಕ್ ಮಾಡಬೇಕು, ಆಗ ಎರಡೂ ಕಡೆ ನಷ್ಟ 250. ಅವನು ಬ್ಯಾಲೆನ್ಸಲ್ಲಿ 90 ಮಾತ್ರ ಇದೆ, 300 ಎಲ್ಲಿಂದ ತರೋದು ಅಂತ ಸುಮ್ನೆ ನೋಡ್ತಾ ಕೂತಿದ್ನಂತೆ. ಆದ್ರೆ ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಮಾರ್ಕೆಟ್ಟಿನ ಬ್ಯಾಕು ಲೇ ಎರಡನ್ನೂ ಸೇರಿಸಿ ಅತಿ ಕೆಟ್ಟ ಫಲಿತಾಂಶಕ್ಕೆ ಎಷ್ಟೋ ಅಷ್ಟನ್ನೇ ಹಿಡೀತಾರೆ, ಆ 300 ಹಾಕಿದ್ರೆ ಹಿಡಿದಿಟ್ಟ ದುಡ್ಡು 550ರಿಂದ 250ಕ್ಕೆ ಇಳೀತಿತ್ತು, ಹೊಸದಾಗಿ ದುಡ್ಡು ತುಂಬೋದೇ ಬೇಕಿರಲಿಲ್ಲ. ಹಾಗಂತ ಇದನ್ನೇ ನಂಬ್ಕೊಂಡು ಲೇ ಮಾಡಬೇಡಿ, ರೇಸ್ ನಡೀವಾಗ ಬೆಟ್ ಹೋಗೋಕೆ ಸ್ವಲ್ಪ ತಡ ಇರುತ್ತೆ, ಅಷ್ಟರಲ್ಲಿ ಆಡ್ಸ್ ಎಲ್ಲಿಗೋ ಹೋಗಿರುತ್ತೆ.

ನಿಮ್ಮ ಕಡೆ ಕಾನೂನು ಇದನ್ನ ಬಿಡುತ್ತಾ ಅಂತ ಮೊದಲು ನೋಡ್ಕೊಳ್ಳಿ, ಬಿಡಲ್ಲ ಅಂದ್ರೆ ಅಲ್ಲಿಗೇ ಬಿಟ್ಬಿಡಿ. ಮಾಡೇ ಮಾಡ್ತೀನಿ ಅನ್ನೋರು ಲೆಕ್ಕನ ಹಿಂದಿನಿಂದ ಹಾಕಿ, ಸ್ಟೇಕ್ ಬದಲು ಲಯಬಿಲಿಟಿ ಮೊದಲು ನಿರ್ಧಾರ ಮಾಡಿ. ಈ ಬೆಟ್‌ನಲ್ಲಿ ಹೋದ್ರೆ 50 ಹೋಗ್ಲಿ, ಅದಕ್ಕಿಂತ ಒಂದು ಪೈಸೆ ಬೇಡ ಅಂತಿದ್ರೆ 50ನ ಆಡ್ಸ್‌ಗಿಂತ ಒಂದು ಕಮ್ಮಿ ನಂಬರಿನಿಂದ ಭಾಗಿಸಿ. 3.0ಕ್ಕೆ ಸ್ಟೇಕ್ 25 ಬರುತ್ತೆ, 12.0ಕ್ಕೆ ಬರೋದು 4.54. ಹನ್ನೆರಡಕ್ಕೆ ಲೇ ಮಾಡಿ ಗೆದ್ರೆ ಸಿಗೋದು ನಾಲ್ಕೂವರೆ ಅಷ್ಟೇನಾ ಅನ್ಸುತ್ತೆ, ಹೌದು ಅಷ್ಟೇ, ಆ ಬೆಟ್ ನಿಜವಾಗ್ಲೂ ಇರೋದೇ ಹಾಗೆ. ಜನ ಕಮ್ಮಿ ಇರೋ ಮಾರ್ಕೆಟ್ಟಲ್ಲಿ ಇನ್ನೂ ಹುಷಾರು, ಲೇ ಕಡೆ ಕೆಲವು ಸಲ 1000 ತನಕ ಆಡ್ಸ್ ನಿಂತಿರುತ್ತೆ, ಅಲ್ಲಿ ಸ್ಟೇಕ್ ಬರೀ 2 ಅಂತ ಹಾಕಿದ್ರೂ ಲಯಬಿಲಿಟಿ 1998.

ಆ ಚಾನೆಲ್‌ನವರಿಗೆ ನಾವು ಒಂದೇ ಪ್ರಶ್ನೆ ಕಳಿಸಿದ್ವಿ, ನಿಮ್ಮ ಹಳೇ ಟಿಪ್ಸ್ ಪಟ್ಟಿಯಲ್ಲಿ ಪ್ರತಿ ಬೆಟ್ಟಿನ ಆಡ್ಸ್ ಮತ್ತು ಲಯಬಿಲಿಟಿ ಕೂಡ ಹಾಕಿ ತೋರಿಸಿ ಅಂತ. ಉತ್ತರ ಬರ್ಲಿಲ್ಲ, ಸಂಜೆ ಹೊತ್ತಿಗೆ ಅವನನ್ನ ಗ್ರೂಪಿಂದ ತೆಗೆದಿದ್ರು. ನೀವು ಅಂಥ ಕಡೆ ಇದ್ರೆ ದುಡ್ಡು ಹಾಕೋ ಮುಂಚೆ ಇದೇ ಪ್ರಶ್ನೆ ಕೇಳಿ ನೋಡಿ.