ಹಾಲ್‌ಮಾರ್ಕ್ ಅಸಲಿ, ನಡುವಿನ ವಜ್ರ ಹೊಸದು: ಹಳೆಯ ಉಂಗುರ ಕೊಳ್ಳುವವರು ಇದನ್ನು ಓದಿ

ಇಂಗ್ಲೆಂಡಿನ ಒಬ್ಬ ವ್ಯಾಪಾರಿಯಿಂದ ಆನ್‌ಲೈನ್‌ನಲ್ಲಿ ಕೊಂಡ ಉಂಗುರದ ಕಥೆ ಇದು. ಕೊಂಡವರು 3,800 ಪೌಂಡ್ ಕೊಟ್ಟಿದ್ದರು. ವಿವರಣೆಯಲ್ಲಿ ಹೀಗಿತ್ತು: ವಿಕ್ಟೋರಿಯನ್ ಕಾಲದ 18 ಕ್ಯಾರೆಟ್ ಚಿನ್ನ, ಸಾಲಾಗಿ ಓಲ್ಡ್ ಮೈನ್ ಎಂಬ ಹಳೆಯ ಕಟ್ಟಿಂಗ್‌ನ ಐದು ವಜ್ರ, ಅವುಗಳ ನಡುವಿನ ಸಂದುಗಳಲ್ಲಿ ಎರಡೆರಡರಂತೆ ಚಪ್ಪಟೆ ತಳದ ಎಂಟು ಪುಟ್ಟ ರೋಸ್ ಕಟ್ ವಜ್ರ, ನಡುವಿನ ದೊಡ್ಡ ಕಲ್ಲು ಸುಮಾರು 0.85 ಕ್ಯಾರೆಟ್, "ಎಲ್ಲವೂ ಮೂಲ ಕಲ್ಲುಗಳು". ಉಂಗುರದ ಒಳಗೆ ಬರ್ಮಿಂಗ್‌ಹ್ಯಾಮ್‌ನ ಲಂಗರು ಗುರುತು, ಕಿರೀಟ, 18 ಎಂಬ ಅಂಕಿ, 1890ರ ದಶಕದ ಒಂದು ವರ್ಷವನ್ನು ಹೇಳುವ ಅಕ್ಷರ, ಎಲ್ಲವೂ ಇದ್ದವು. ಆ ಗುರುತುಗಳು ಅಸಲಿಯೇ. ಮೋಸ ನಡೆದದ್ದು ಕಲ್ಲಿನಲ್ಲಿ. ನಡುವಿನ ದೊಡ್ಡ ವಜ್ರವೂ ಮೂರು ರೋಸ್ ಕಟ್‌ಗಳೂ ಇತ್ತೀಚೆಗೆ ಕೂರಿಸಿದವು. ಅಷ್ಟು ಹಣ ಹೋದದ್ದು ಬಹುಪಾಲು ಆ ಒಂದು ನಡುಗಲ್ಲಿಗಾಗಿ.

ಹಾಲ್‌ಮಾರ್ಕ್ ಲೋಹಕ್ಕೆ ಮಾತ್ರ ಸಾಕ್ಷಿ. ಕಲ್ಲಿನ ಬಗ್ಗೆ ಅದು ಒಂದಕ್ಷರವೂ ಹೇಳುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತೇ. ಆದರೂ ಗುರುತು ಓದಿ ವರ್ಷ ಕಂಡುಹಿಡಿದ ಖುಷಿಯಲ್ಲಿ ಕೊಳ್ಳುವವರ ಕಣ್ಣು ಅಲ್ಲೇ ನಿಂತುಬಿಡುತ್ತದೆ.

ಈ ಕೊಳ್ಳುವವರು ಕಣ್ಣು ಮುಚ್ಚಿಕೊಂಡು ಹಣ ಕೊಟ್ಟವರೂ ಅಲ್ಲ. ವ್ಯಾಪಾರಿ ಕಳಿಸಿದ ಫೋಟೋದಲ್ಲಿ ನಡುಗಲ್ಲಿನ ಮಧ್ಯೆ ಪುಟ್ಟ ರಂಧ್ರದಂಥ ವೃತ್ತ ಕಾಣುತ್ತಿತ್ತು. ಹಳೆಯ ಕಟ್ಟಿಂಗ್‌ಗೆ ಅದೇ ಲಕ್ಷಣ ಎಂದು ಅವರು ಓದಿದ್ದರು. ಅದು ನಿಜವಾಗಿ ರಂಧ್ರವಲ್ಲ. ವಜ್ರದ ಕೆಳತುದಿಯನ್ನು ಚೂಪಾಗಿ ಬಿಡದೆ ಚಪ್ಪಟೆಯಾಗಿ ಉಜ್ಜಿರುತ್ತಾರೆ, ಅದಕ್ಕೆ ಕ್ಯುಲೆಟ್ ಎನ್ನುತ್ತಾರೆ. ಮೇಲಿನಿಂದ ನೋಡಿದಾಗ ಬೆಳಕು ಅದರ ಮೂಲಕ ನೇರವಾಗಿ ಕೆಳಗಿಳಿದುಹೋಗುವುದರಿಂದ ಅಲ್ಲೊಂದು ಕಪ್ಪು ಚುಕ್ಕೆ ಇದ್ದಂತೆ ಕಾಣುತ್ತದೆ. ತೊಂದರೆ ಏನೆಂದರೆ, ಹಳೆಯ ಕಟ್ಟಿಂಗ್‌ನ ಲಕ್ಷಣಗಳಲ್ಲೆಲ್ಲ ನಕಲು ಮಾಡಲು ಅತಿ ಸುಲಭವಾದದ್ದು ಇದೇ. ಇಂದಿನ ಯಾವುದೇ ಕುಶನ್, ಅಂದರೆ ದಿಂಬಿನಾಕಾರದ, ವಜ್ರದ ತುದಿಯನ್ನು ಸಾಣೆಗೆ ಹಿಡಿದು ಒಂದು ಫೇಸೆಟ್, ಅಂದರೆ ಉಜ್ಜಿದ ಚಪ್ಪಟೆ ಮುಖ, ಹೆಚ್ಚಿಗೆ ಹಾಕಿದರೆ ಮುಗಿಯಿತು. ಫೇಸೆಟ್ ಎಣಿಸಿಯೂ ಪ್ರಯೋಜನವಿಲ್ಲ. ಕ್ಯುಲೆಟ್ ಸೇರಿ ಓಲ್ಡ್ ಮೈನ್‌ಗೂ 58, ಇಂದಿನ ಬ್ರಿಲಿಯಂಟ್‌ಗೂ 58.

ಹಾಗಾದರೆ ನೋಡಬೇಕಾದದ್ದು ಏನು? ಅದು ತಿಳಿಯಬೇಕಾದರೆ ಹಳೆಯ ಕಟ್ಟಿಂಗ್ ಯಾಕೆ ಹಾಗಿತ್ತು ಎಂಬುದು ಮೊದಲು ಗೊತ್ತಿರಬೇಕು. ಕಚ್ಚಾ ವಜ್ರ ಸಾಮಾನ್ಯವಾಗಿ ಎಂಟು ಮುಖದ ಹರಳು, ಎರಡು ಪಿರಮಿಡ್‌ಗಳ ಬುಡ ಸೇರಿಸಿದಂತೆ ಇರುತ್ತದೆ. ಯಂತ್ರದ ಗರಗಸ ಬಂದದ್ದು 1900ರ ಆಸುಪಾಸಿನಲ್ಲಿ. ಆಮೇಲೆ ಒಂದು ಹರಳನ್ನು ಅಡ್ಡಲಾಗಿ ಕೊಯ್ದು ಎರಡು ಕಲ್ಲು ಮಾಡುವುದು ಸಲೀಸಾಯಿತು. ಅದಕ್ಕೂ ಮೊದಲು ಮೇಲಿನ ತುದಿಯನ್ನು ಉಜ್ಜಿ ಉಜ್ಜಿ ಪುಡಿ ಮಾಡಿಯೇ ಟೇಬಲ್, ಅಂದರೆ ಮೇಲಿನ ಚಪ್ಪಟೆ ಮುಖ, ಬರಬೇಕಿತ್ತು. ಉಜ್ಜಿದಷ್ಟೂ ವಜ್ರ ಧೂಳಾಗುತ್ತದೆ. ಆದ್ದರಿಂದ ಕುಶಲಕರ್ಮಿ ಎಷ್ಟು ಬೇಕೋ ಅಷ್ಟೇ ಉಜ್ಜಿ ನಿಲ್ಲಿಸುತ್ತಿದ್ದ. ಹೀಗಾಗಿ ಟೇಬಲ್ ಚಿಕ್ಕದು, ಅದರ ಸುತ್ತಲ ಕ್ರೌನ್ ಎತ್ತರ, ಕೆಳಭಾಗ ಆಳ. ಕಲ್ಲಿನ ಅಂಚಿಗೂ ಕಚ್ಚಾ ಹರಳಿನ ಚೌಕವೇ ಉಳಿದು, ಮೂಲೆಗಳು ಮಾತ್ರ ದುಂಡಗಾಗುತ್ತಿದ್ದವು. ಓಲ್ಡ್ ಮೈನ್ ದಿಂಬಿನಾಕಾರ ಪಡೆದದ್ದು ಸೌಂದರ್ಯಕ್ಕಿಂತ ಹೆಚ್ಚಾಗಿ ಜಿಪುಣತನದಿಂದ ಎಂದರೂ ತಪ್ಪಲ್ಲ.

ಈ ಉಂಗುರದಲ್ಲಿ ಒಂದು ಅನುಕೂಲವಿತ್ತು. ಪಕ್ಕದ ನಾಲ್ಕು ಕಲ್ಲುಗಳು ಅಸಲಿ ಹಳೆಯವೇ ಆದ್ದರಿಂದ ಹೋಲಿಕೆಗೆ ಅಳತೆಗೋಲು ಅಲ್ಲೇ ಇತ್ತು. ಹತ್ತು ಪಟ್ಟು ತೋರಿಸುವ ಲೂಪ್ ಮತ್ತು ಒಂದು ಮಿಲಿಮೀಟರ್ ಗೇಜ್, ಇಷ್ಟೇ ಸಾಕಾಯಿತು.

ಮೊದಲು ಟೇಬಲ್. ಪಕ್ಕದ ಕಲ್ಲಿನ ಅಗಲ 4.5 ಮಿ.ಮೀ., ಟೇಬಲ್ 2.1 ಮಿ.ಮೀ., ಅಂದರೆ ಅಗಲದ ಶೇ. 47. ನಡುಗಲ್ಲು 5.5 ಉದ್ದ, 5.3 ಅಗಲ, ಅದರ ಟೇಬಲ್ 3.1, ಅಂದರೆ ಶೇ. 58. ಬದಿಯಿಂದ ನೋಡಿದರೆ ಲೆಕ್ಕವೇ ಬೇಡ. ಪಕ್ಕದ ಕಲ್ಲುಗಳು ಗುಡ್ಡದಂತೆ ಎದ್ದು ನಿಂತಿದ್ದವು, ಅವುಗಳಿಗಿಂತ ದೊಡ್ಡದಾದ ನಡುಗಲ್ಲಿನ ನೆತ್ತಿ ಮಾತ್ರ ಚಪ್ಪಟೆಯಾಗಿತ್ತು. ಅಮೆರಿಕದ ಜಿಐಎ ಪ್ರಯೋಗಾಲಯ ದುಂಡನೆಯ ಓಲ್ಡ್ ಯುರೋಪಿಯನ್ ಕಟ್ ಗುರುತಿಸುವಾಗ ಟೇಬಲ್ ಶೇ. 53ಕ್ಕಿಂತ ಹೆಚ್ಚಿರಬಾರದು, ಕ್ರೌನ್ ಕೋನ 40 ಡಿಗ್ರಿಗಿಂತ ಕಡಿಮೆಯಿರಬಾರದು ಎಂಬಂಥ ಅಳತೆಗಳನ್ನು ಬಳಸುತ್ತದೆ. ದಿಂಬಿನಾಕಾರದ ಓಲ್ಡ್ ಮೈನ್ ನೋಡುವಾಗಲೂ ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಎರಡನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕಸ್ತ ಗುರುತು. ಟೇಬಲ್ ಮೂಲಕ ಕಲ್ಲಿನ ಒಳಕ್ಕೆ ನೋಡಿ, ಕೆಳಭಾಗದ ಫೇಸೆಟ್‌ಗಳ ಆಕಾರ ಗಮನಿಸಿ. ಕೆಳಭಾಗದಲ್ಲಿ ಎಂಟು ದೊಡ್ಡ ಫೇಸೆಟ್‌ಗಳಿರುತ್ತವೆ. ಅವುಗಳ ಮಧ್ಯೆ ಅಂಚಿನಿಂದ ಕ್ಯುಲೆಟ್ ಕಡೆಗೆ ಉದ್ದನೆಯ ತ್ರಿಕೋನಗಳು ಜೋಡಿಜೋಡಿಯಾಗಿ ಇಳಿಯುತ್ತವೆ. ಹಳೆಯ ಕಲ್ಲಿನಲ್ಲಿ ಈ ತ್ರಿಕೋನಗಳು ಅರ್ಧ ದಾರಿಯ ಸುಮಾರಿಗೇ ನಿಂತುಬಿಡುತ್ತವೆ. ಆದ್ದರಿಂದ ದೊಡ್ಡ ಫೇಸೆಟ್‌ಗಳಿಗೆ ಜಾಗ ಸಿಕ್ಕಿ ಹೂವಿನ ಅಗಲ ದಳಗಳಂತೆ ಕಾಣುತ್ತವೆ. ಕಲ್ಲು ಅಲ್ಲಾಡಿಸಿದರೆ ಬೆಳಕು ದಪ್ಪ ದಪ್ಪ ತುಂಡುಗಳಾಗಿ ಹೊತ್ತಿ ಆರುತ್ತದೆ. ಇಂದಿನ ಕಟ್ಟಿಂಗ್‌ನಲ್ಲಿ ತ್ರಿಕೋನಗಳು ಮುಕ್ಕಾಲು ದಾರಿಗೂ ಮೀರಿ ಇಳಿದು ದೊಡ್ಡ ಫೇಸೆಟ್‌ಗಳನ್ನು ಕಡ್ಡಿಯಷ್ಟು ಸಣ್ಣಗೆ ಮಾಡುತ್ತವೆ. ಹೊಳಪು ಚೂರುಚೂರಾಗಿ ಮಿನುಗುತ್ತದೆ. ನಡುಗಲ್ಲಿನಲ್ಲಿ ಇದ್ದದ್ದು ಈ ಕಡ್ಡಿಗಳೇ. ಕ್ಯುಲೆಟ್ ಹಾಕುವುದು ಸುಲಭ, ಆದರೆ ಕೆಳಭಾಗದ ಫೇಸೆಟ್‌ಗಳನ್ನು ಬದಲಿಸಬೇಕೆಂದರೆ ಇಡೀ ಕೆಳಭಾಗ ಮತ್ತೆ ಉಜ್ಜಬೇಕು, ತೂಕ ಇಳಿಯುತ್ತದೆ. ಅಷ್ಟು ಕಷ್ಟಪಡಲು ಇಲ್ಲಿ ಯಾರಿಗೂ ಮನಸ್ಸಿರಲಿಲ್ಲ.

ಮೂರನೆಯದು ಗರ್ಡಲ್, ಅಂದರೆ ಕಲ್ಲಿನ ಸೊಂಟದ ಅಂಚು. ಕಲ್ಲನ್ನು ಹಿಡಿದಿಡುವ ಚಿನ್ನದ ಉಗುರುಗಳಾದ ಪ್ರಾಂಗ್‌ಗಳ ನಡುವಿನ ಸಂದಿನಿಂದ ಲೂಪ್ ಹಿಡಿದು ಅಡ್ಡಲಾಗಿ ನೋಡಬೇಕು. ಹಿಂದೆ ಎರಡು ವಜ್ರಗಳನ್ನು ಎರಡು ಕಡ್ಡಿಗಳ ತುದಿಗೆ ಅಂಟಿಸಿ, ಕೈಯಲ್ಲಿ ಹಿಡಿದು ಒಂದಕ್ಕೊಂದು ತಿಕ್ಕಿ ಅಂಚು ರೂಪಿಸುತ್ತಿದ್ದರು. ಈ ಕೆಲಸಕ್ಕೆ ಯಂತ್ರ ಬಂದದ್ದು 1870ರ ದಶಕದಲ್ಲಿ, ಬೋಸ್ಟನ್‌ನ ಹೆನ್ರಿ ಮೋರ್ಸ್ ಅವರ ಕಾರ್ಖಾನೆಯಲ್ಲಿ. ಕೈಯಿಂದ ತಿಕ್ಕಿದ ಅಂಚು ಸಕ್ಕರೆ ಹರಳಿನಂತೆ ಮಂಕಾಗಿ, ಒಂದು ಕಡೆ ಚಾಕುವಿನಷ್ಟು ತೆಳ್ಳಗೆ, ಇನ್ನೊಂದು ಕಡೆ ದಪ್ಪಗೆ, ಅಂಕುಡೊಂಕಾಗಿ ಇರುತ್ತದೆ. ನಡುಗಲ್ಲಿನ ಅಂಚು ಸುತ್ತಲೂ ಒಂದೇ ದಪ್ಪ, ಪುಟ್ಟ ಪುಟ್ಟ ಫೇಸೆಟ್ ಹಾಕಿ ಕನ್ನಡಿಯಂತೆ ಪಾಲಿಶ್ ಮಾಡಿದ್ದು. ಜೊತೆಗೆ ಸವೆತವೂ ನೋಡಬೇಕು. ಪಕ್ಕದ ಕಲ್ಲುಗಳ ಫೇಸೆಟ್ ಗೆರೆಗಳು ನೂರಕ್ಕೂ ಹೆಚ್ಚು ವರ್ಷ ಬೇರೆ ವಜ್ರಗಳಿಗೆ ತಾಗಿ ಬೆಳ್ಳಗೆ ಉಜ್ಜಿಹೋಗಿದ್ದವು, ಅಂಚಿನಲ್ಲಿ ಎರಡು ಮೂರು ಮುಕ್ಕುಗಳಿದ್ದವು. ನಡುಗಲ್ಲಿನ ಗೆರೆಗಳು ಬ್ಲೇಡಿನಂತಿದ್ದವು.

ಇನ್ನು ರೋಸ್ ಕಟ್. ಇದರ ತಳ ಚಪ್ಪಟೆ, ಕೆಳಭಾಗವೇ ಇಲ್ಲ, ಮೇಲೆ ತ್ರಿಕೋನ ಫೇಸೆಟ್‌ಗಳ ಗುಮ್ಮಟ. ಪೂರ್ತಿ ಡಚ್ ರೋಸ್‌ನಲ್ಲಿ 24 ಫೇಸೆಟ್: ನೆತ್ತಿಯಲ್ಲಿ ಆರು, ಸುತ್ತ ಹದಿನೆಂಟು. ಆದರೆ ಉಂಗುರದ ಸಂದು ತುಂಬುವ ಒಂದು ಮಿಲಿಮೀಟರ್ ಚೂರಿಗೆ ಅಷ್ಟು ಶ್ರಮ ಯಾರೂ ಹಾಕುತ್ತಿರಲಿಲ್ಲ. ಹಳೆಯ ಐದು ಚೂರುಗಳಲ್ಲಿ ಒಂದಕ್ಕೆ ಮೂರೇ ಫೇಸೆಟ್, ಇನ್ನೊಂದಕ್ಕೆ ಆರು, ಅದೂ ಓರೆಕೋರೆ. ಯಾವುದೂ ಸರಿಯಾಗಿ ದುಂಡಗಿಲ್ಲ. ಉಳಿದ ಮೂರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ದುಂಡಗೆ, ಆರು ಫೇಸೆಟ್‌ಗಳು ನಡುಬಿಂದುವಿನಲ್ಲಿ ಕರಾರುವಾಕ್ಕಾಗಿ ಕೂಡಿದ್ದವು. ಹಳೆಯ ಗೂಡು ಹಳೆಯ ಚೂರಿನ ಆಕಾರಕ್ಕೆ ಕೊರೆದದ್ದಾದ್ದರಿಂದ ದುಂಡು ಕಲ್ಲು ಅಲ್ಲಿ ಪೂರ್ತಿ ಕೂರಲಿಲ್ಲ, ಒಂದು ಬದಿಯಲ್ಲಿ ಸಂದು ಉಳಿದಿತ್ತು. ಆ ಸಂದಿನಲ್ಲಿ ಅಂಟು ತುಂಬಿದ್ದರು. 365 ನ್ಯಾನೊಮೀಟರ್‌ನ ಯುವಿ ಟಾರ್ಚ್ ಬಿಟ್ಟಾಗ ಅದು ಸುಣ್ಣದಂತೆ ಬೆಳಗಿತು.

ಅದೇ ಟಾರ್ಚ್ ಇನ್ನೊಂದು ಸಂಗತಿಯನ್ನೂ ತೋರಿಸಿತು. ಹಳೆಯ ಕಾಲದಲ್ಲಿ ಬೇರೆ ಬೇರೆ ಹರಳುಗಳಿಂದ ಆರಿಸಿ ಜೋಡಿಸಿದ ಕಲ್ಲುಗಳು ಯುವಿಗೆ ಒಂದೇ ರೀತಿ ಸ್ಪಂದಿಸುವುದು ಅಪರೂಪ. ಪಕ್ಕದ ನಾಲ್ಕರಲ್ಲಿ ಎರಡು ಗಾಢ ನೀಲಿ, ಒಂದು ತೆಳು ನೀಲಿ, ಒಂದು ಏನೂ ಇಲ್ಲ. ನಡುಗಲ್ಲೂ ಹೊಸ ಮೂರು ಚೂರುಗಳೂ ಪೂರ್ತಿ ಕಪ್ಪು. ಇದೊಂದರಿಂದಲೇ ತೀರ್ಪು ಕೊಡಲಾಗದು, ಪಕ್ಕದ ಹಳೆಯ ಕಲ್ಲೊಂದೂ ಕಪ್ಪಾಗಿಯೇ ಇತ್ತಲ್ಲ. ಬೇರೆ ಗುರುತುಗಳ ಜೊತೆ ಸೇರಿದಾಗ ಮಾತ್ರ ಇದಕ್ಕೆ ತೂಕ.

ವ್ಯಾಪಾರಿ ವಿಡಿಯೋದಲ್ಲಿ ಟೆಸ್ಟರ್ ಇಟ್ಟು ಬೀಪ್ ಸದ್ದು ಕೇಳಿಸಿದ್ದ. ಆ ಯಂತ್ರ ನೋಡುವುದು ಶಾಖ ಎಷ್ಟು ಬೇಗ ಹರಿಯುತ್ತದೆ ಎಂಬುದನ್ನು. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವೂ ವಜ್ರವೇ, ಬೀಪ್ ಬಂದೇ ಬರುತ್ತದೆ. ಇನ್ನೂ ನಾಜೂಕಾದ ಮಾತೊಂದಿತ್ತು: "ಟೈಪ್ 2ಎ ಕಲ್ಲು, ಗೋಲ್ಕೊಂಡದ್ದೇ ಇರಬಹುದು." ಗೋಲ್ಕೊಂಡ ಎಂದರೆ ನಮ್ಮವರ ಕಿವಿ ನೆಟ್ಟಗಾಗುತ್ತದೆ. ಗೋಲ್ಕೊಂಡದ ಹೆಸರಾಂತ ವಜ್ರಗಳಲ್ಲಿ ಹಲವು, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆಯಿರುವ ಈ ವರ್ಗದವು ಎಂಬುದು ನಿಜ. ಆದರೆ ಅನಿಲದಿಂದ ಪದರಪದರವಾಗಿ ಬೆಳೆಸುವ ಸಿವಿಡಿ ವಜ್ರಗಳಲ್ಲೂ ಬಹುಪಾಲು ಇದೇ ವರ್ಗದವು. ಅಗೆದು ತೆಗೆದ ವಜ್ರಗಳಲ್ಲಿ ಈ ವರ್ಗ ಅಪರೂಪವಾದ್ದರಿಂದ, ಟೈಪ್ 2ಎ ಎಂಬ ಮಾತು ಕೇಳಿದಾಗ ಹಿಗ್ಗುವುದಕ್ಕಿಂತ ಅನುಮಾನಪಡುವುದೇ ಸರಿ. ಕಲ್ಲು ಬಿಚ್ಚಿಸಿ ಪ್ರಯೋಗಾಲಯಕ್ಕೆ ಕಳಿಸಿದಾಗ ಬಂದ ಉತ್ತರ: ಸಿವಿಡಿ. ಅಷ್ಟರಲ್ಲಿ ವ್ಯಾಪಾರಿ ಹಿಂದಿರುಗಿಸಲು ಕೊಟ್ಟಿದ್ದ ಅವಧಿ ಮುಗಿದಿತ್ತು.

ಹಾಗೆಂದು ಒಂದೇ ಗುರುತು ಹಿಡಿದು ಜಗಳಕ್ಕೂ ಹೋಗಬೇಡಿ. ಅಸಲಿ ಹಳೆಯ ಕಲ್ಲಿನ ಮುಕ್ಕು ತೆಗೆಯಲು ಯಾರೋ ಅಂಚನ್ನು ಮಾತ್ರ ಪಾಲಿಶ್ ಮಾಡಿಸಿರಬಹುದು. ಟೇಬಲ್, ಕೆಳಭಾಗ, ಗರ್ಡಲ್, ಸವೆತ ಈ ನಾಲ್ಕರಲ್ಲಿ ಮೂರು ಒಂದೇ ಮಾತು ಹೇಳಿದರೆ ಮಾತ್ರ ಗಟ್ಟಿ. ಕಟ್ಟಿಂಗ್ ಹಳೆಯದಾದ ಮಾತ್ರಕ್ಕೆ ಉಂಗುರ ಅದೇ ಕಾಲದ್ದು ಎಂದೂ ಅಲ್ಲ. ಹಳೆಯ ಕಲ್ಲುಗಳನ್ನು ಬಿಚ್ಚಿ ಹೊಸ ಚಿನ್ನಕ್ಕೆ ಕೂರಿಸುವುದು ಎಲ್ಲ ಕಾಲದಲ್ಲೂ ನಡೆದಿದೆ.

ಹಣ ಕೊಡುವ ಮೊದಲು ನಾಲ್ಕು ಫೋಟೋ ಕೇಳಿ: ಪ್ರತಿ ಕಲ್ಲಿನದೂ ನೇರ ಮೇಲಿನಿಂದ ಕೆಳಭಾಗದ ಫೇಸೆಟ್ ಕಾಣುವಂತೆ, ಇಡೀ ಸಾಲು ಅಡ್ಡದಿಂದ ಕ್ರೌನ್‌ಗಳ ಎತ್ತರ ತಿಳಿಯುವಂತೆ, ಪ್ರಾಂಗ್ ತುದಿಗಳದು ಹತ್ತಿರದಿಂದ, ಕತ್ತಲಲ್ಲಿ ಯುವಿ ಬೆಳಕಿನದೊಂದು. ನಡುಗಲ್ಲಿನ ಪ್ರಾಂಗ್ ಮಾತ್ರ ಹೊಸ ಚಿನ್ನದಂತೆ ಬೇರೆ ಬಣ್ಣದಲ್ಲಿದ್ದರೆ ಕಾರಣ ಕೇಳಿ. ಅಂಗಡಿಯ ಮೌಲ್ಯಮಾಪನ ಪತ್ರ ಪ್ರಯೋಗಾಲಯದ ವರದಿಯಲ್ಲ. ಜಿಐಎ ಬಿಡಿ ಕಲ್ಲಿಗೆ ಮಾತ್ರ ಗ್ರೇಡಿಂಗ್ ವರದಿ ಕೊಡುತ್ತದೆ, ಕೂರಿಸಿದ ಕಲ್ಲಿಗೆ ಕೊಡುವುದಿಲ್ಲ. ಆದ್ದರಿಂದ ದೊಡ್ಡ ಮೊತ್ತವಾದರೆ ಕಲ್ಲು ಬಿಚ್ಚಿಸುವ ಖರ್ಚು ಯಾರದು, ವರದಿ ಬರುವವರೆಗೆ ಹಿಂದಿರುಗಿಸುವ ಅವಕಾಶ ಇರುತ್ತದೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಹಳೆಯ ಗರ್ಡಲ್ ತೆಳ್ಳಗಿರುವುದರಿಂದ ಬಿಚ್ಚುವಾಗ ಸಿಡಿಯುವ ಅಪಾಯವಿದೆ, ಆ ಹೊಣೆ ಯಾರದೆಂದೂ ಬರೆಸಿಕೊಳ್ಳಿ.

ಅಜ್ಜಿಯ ಬೆಂಡೋಲೆಯನ್ನೋ ಬೇಸರಿಯನ್ನೋ ರಿಪೇರಿಗೆ ಕೊಡುವ ಮೊದಲೂ ಪ್ರತಿ ಕಲ್ಲಿನ ಕ್ಯುಲೆಟ್ ಮತ್ತು ಅಂಚಿನ ಮುಕ್ಕುಗಳನ್ನು ಫೋನಿಗೆ ಮ್ಯಾಕ್ರೊ ಲೆನ್ಸ್ ಸಿಕ್ಕಿಸಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಚ್ಚಿದ ಗೂಡಿನ ಹಳೆಯ ಒಡವೆಯಾದರೆ ನೀರಿಗೆ ಹಾಕಬೇಡಿ, ಅಲ್ಟ್ರಾಸಾನಿಕ್ ಯಂತ್ರಕ್ಕಂತೂ ಬೇಡವೇ ಬೇಡ. ಕಲ್ಲಿನ ಹಿಂದೆ ತಗಡಿನ ಹಾಳೆಯಿದ್ದರೆ ಅದು ಒದ್ದೆಯಾಗಿ ಕಪ್ಪಾಗುತ್ತದೆ, ಆಮೇಲೆ ಕಲ್ಲನ್ನು ಬಿಚ್ಚದೆ ಸರಿಮಾಡಲು ಆಗುವುದಿಲ್ಲ.