ದವಡೆಯ ಗಂಟು ಮೊಡವೆಗೆ ನಾಲ್ಕು ದಾರಿ, ನನ್ನ ಓಟು ಯಾವುದಕ್ಕೆ

ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೈದು ದಾಟಿದ ಹೆಣ್ಣುಮಗಳಿಗೆ ಪ್ರತಿ ತಿಂಗಳೂ ದವಡೆಯ ಅಂಚಿನಲ್ಲೇ, ಮುಟ್ಟಿದರೆ ಕಣ್ಣಲ್ಲಿ ನೀರು ಬರುವಂಥ ಗಂಟು ಏಳುತ್ತಿದ್ದರೆ ನನ್ನ ಓಟು ಸ್ಪೈರೋನೊಲ್ಯಾಕ್ಟೋನ್ ಗುಳಿಗೆಗೆ, ಜೊತೆಗೆ ರಾತ್ರಿ, ರಂಧ್ರ ಕಟ್ಟದಂತೆ ನೋಡಿಕೊಳ್ಳುವ ಅಡಾಪಲೀನ್ ಜೆಲ್. ಎದುರಾಳಿಗಳು ಮೂವರು: ಮೆಡಿಕಲ್‌ನಲ್ಲಿ ಕೇಳಿದ ಕೂಡಲೇ ಸಿಗುವ ಕ್ರೀಮು, ಆಂಟಿಬಯಾಟಿಕ್ ಕೋರ್ಸು, ಐಸೊಟ್ರೆಟಿನಾಯಿನ್. ನಾಲ್ಕಕ್ಕೂ ವೈದ್ಯರ ಚೀಟಿ ಬೇಕು. ಬೇಕಾದರೂ ಒಂದು ಚೀಟಿಯಿಲ್ಲದೇ ಸಿಗುತ್ತದೆ, ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಇದು ಹದಿನಾರರ ವಯಸ್ಸಿನ ಮೊಡವೆಯಲ್ಲ. ಹಣೆ, ಮೂಗು ಸ್ವಚ್ಛ. ಗದ್ದ, ದವಡೆ, ಕೆಲವರಿಗೆ ಕುತ್ತಿಗೆಯ ಮೇಲ್ಭಾಗ, ಅಷ್ಟೇ. ಮುಟ್ಟಿಗೆ ಏಳೆಂಟು ದಿನ ಮುಂಚೆ ಚರ್ಮದಡಿ ಗುಂಡಿನಂತೆ ಗಟ್ಟಿಯಾಗುತ್ತದೆ, ಬಾಯಿ ಮಾತ್ರ ಬರುವುದಿಲ್ಲ. ಆಂಡ್ರೊಜನ್ ಹಾರ್ಮೋನು ಎಣ್ಣೆಗ್ರಂಥಿಯನ್ನು ಕೆಣಕುತ್ತದೆ, ಕೂದಲ ಬುಡದ ರಂಧ್ರ ಕಟ್ಟಿಕೊಳ್ಳುತ್ತದೆ, ಅದರ ಗೋಡೆ ಆಳದಲ್ಲೇ ಒಡೆದು ಒಳಗಿನದು ಸುತ್ತಲಿನ ಮಾಂಸಕ್ಕೆ ಸೋರುತ್ತದೆ. ಹಿಸುಕಿದರೆ ಹೊರಗೆ ಬರಲು ದಾರಿಯಿಲ್ಲ, ಇನ್ನಷ್ಟು ಕೆಳಕ್ಕೆ ಹರಡುತ್ತದೆ. ಮೂರು ದಿನದ ಗಂಟು ಮೂರು ವಾರದ್ದಾಗಿ, ಕೊನೆಗೆ ಕುಳಿ ಬಿಟ್ಟು ಹೋಗುವುದು ಹೀಗೆ.

ರಕ್ತಪರೀಕ್ಷೆಯಲ್ಲಿ ಹಾರ್ಮೋನು ಸರಿಯಾಗಿದೆ ಎಂದು ಬಂದರೆ ಗಾಬರಿಯಾಗಬೇಡಿ, ಬಹುಪಾಲು ಜನರಿಗೆ ಹಾಗೇ ಬರುತ್ತದೆ. ಹಾರ್ಮೋನು ಹೆಚ್ಚಿರಬೇಕೆಂದಿಲ್ಲ, ಗ್ರಂಥಿಯೇ ಅದಕ್ಕೆ ಹೆಚ್ಚು ಸ್ಪಂದಿಸುತ್ತಿರುತ್ತದೆ. ಆದರೆ ಮುಟ್ಟು ಎರಡು ಮೂರು ತಿಂಗಳು ತಪ್ಪುವುದು, ಗದ್ದದ ಮೇಲೆ ದಪ್ಪ ಕೂದಲು, ನೆತ್ತಿಯಲ್ಲಿ ಕೂದಲು ತೆಳುವಾಗುವುದು ಜೊತೆಗಿದ್ದರೆ ಅಂಡಾಶಯ, ಹಾರ್ಮೋನಿಗೆ ಸಂಬಂಧಿಸಿದ ಪಿಸಿಒಎಸ್ ತೊಂದರೆಯ ಪರೀಕ್ಷೆ ಮಾಡಿಸಲೇಬೇಕು. ದನಿ ಒಡೆದು ಗಡಸಾಗುತ್ತಿದ್ದರೆ ತಡ ಮಾಡಬಾರದು.

ಈಗ ಆ ಕ್ರೀಮು. ಬಳ್ಳಾರಿಯಾಗಲಿ, ಸಿಂಧನೂರಾಗಲಿ, ಮೆಡಿಕಲ್‌ಗೆ ಹೋಗಿ ‘ಮೊಡವೆಗೆ ಏನರ ಕೊಡ್ರಿ’ ಅಂದರೆ ಕೈಗೆ ಬರುವ ಟ್ಯೂಬಿನಲ್ಲಿ ಅನೇಕ ಸಲ ಸ್ಟೀರಾಯ್ಡ್ ಇರುತ್ತದೆ. ಒಂದು ಬಗೆ ಬೆಳ್ಳಗಾಗಲು ಮಾರುವ ಟ್ಯೂಬು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್. ಇನ್ನೊಂದು ಬಗೆ ಹುಳುಕಡ್ಡಿಗೆ ಮಾರುವುದು: ಕ್ಲೋಬೆಟಾಸಾಲ್ ಜೊತೆ ಫಂಗಸ್ ಔಷಧ, ಆಂಟಿಬಯಾಟಿಕ್ ಎಲ್ಲ ಸೇರಿಸಿದ್ದು. ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಟ್ಯೂಬಿನ ಮೇಲೆ ಕೆಂಪು ಗೆರೆಯೂ ಇರುತ್ತದೆ, ನೋಡುವವರು ಕಡಿಮೆ.

ಕ್ರೀಮಿನ ಮೋಸ ಇರುವುದು ಅದು ಕೆಲಸ ಮಾಡುತ್ತದೆ ಎಂಬುದರಲ್ಲೇ. ಮೂರ್ನಾಲ್ಕು ದಿನಕ್ಕೆ ಕೆಂಪು ಇಳಿಯುತ್ತದೆ, ನೋವು ತಗ್ಗುತ್ತದೆ, ಬಣ್ಣವೂ ತಿಳಿಯಾಗುತ್ತದೆ, ಏಕೆಂದರೆ ಸ್ಟೀರಾಯ್ಡ್ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ, ಉರಿಯೂತವನ್ನು ಅದುಮುತ್ತದೆ. ಕೆಳಗೆ ಎಣ್ಣೆ ಸುರಿಯುವುದು, ರಂಧ್ರ ಕಟ್ಟುವುದು ಎರಡೂ ನಡೆದೇ ಇರುತ್ತವೆ. ಹಚ್ಚುವುದು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ನಾಳಗಳು ಒಮ್ಮೆಲೇ ಅಗಲವಾಗಿ ಮುಖ ಕೆಂಡದಂತೆ ಉರಿಯುತ್ತದೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಹೀಗೆ ಒಂದು ಟ್ಯೂಬು ವರ್ಷಕ್ಕೆ ಹತ್ತಾಗುತ್ತದೆ. ಅಷ್ಟರಲ್ಲಿ ಚರ್ಮ ತೆಳುವಾಗಿ ಕೆನ್ನೆಯ ಮೇಲೆ ನೂಲಿನಂಥ ಕೆಂಪು ನಾಳ, ಸಣ್ಣ ರೋಮ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಐದು ನಿಮಿಷ ನಿಲ್ಲಲಾಗದ ಉರಿ. ಮೇಲಾಗಿ ಸ್ಟೀರಾಯ್ಡ್‌ನಿಂದಲೇ ಹೊಸ ಮೊಡವೆ ಏಳುತ್ತದೆ. ಅದನ್ನು ಗುರುತಿಸುವುದು ಸುಲಭ: ದವಡೆಯ ಗಂಟು ಒಂದೊಂದು ಒಂದೊಂದು ಗಾತ್ರದ್ದು, ಇವು ಎಲ್ಲವೂ ಒಂದೇ ಅಳತೆಯ, ಒಂದೇ ವಯಸ್ಸಿನ ಸಣ್ಣ ಗುಳ್ಳೆ, ಟ್ಯೂಬು ತಾಕಿದ ಕಡೆಯೆಲ್ಲ.

ಮನೆಯಲ್ಲಿರುವ ಟ್ಯೂಬನ್ನು ತಿರುಗಿಸಿ ಸಣ್ಣಕ್ಷರ ಓದಿ. ಔಷಧದ ಹೆಸರು ‘ಸೋನ್’, ‘ಸಾಲ್’ ಅಥವಾ ‘ನೋಲೋನ್’ ಎಂದು ಮುಗಿದರೆ (ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೋಲೋನ್) ಬಹುತೇಕ ಅದು ಸ್ಟೀರಾಯ್ಡ್. ವಾರಕ್ಕಿಂತ ಕಡಿಮೆ ದಿನ ಹಚ್ಚಿದ್ದಾದರೆ ಬಿಟ್ಟುಬಿಡಿ. ತಿಂಗಳುಗಟ್ಟಲೆ ಹಚ್ಚಿದ್ದರೆ ಚರ್ಮದ ವೈದ್ಯರಿಗೆ ಟ್ಯೂಬನ್ನೇ ತೋರಿಸಿ, ಬಿಡಿಸುವ ಕ್ರಮ ಅವರೇ ಹೇಳಲಿ. ಬಿಟ್ಟ ಮೇಲೆ ಮುಖ ಶಾಂತವಾಗಲು ವಾರಗಳು, ಒಮ್ಮೊಮ್ಮೆ ತಿಂಗಳುಗಳು ಬೇಕು. ಆ ಹಸಿ ಚರ್ಮದ ಮೇಲೆ ಅಡಾಪಲೀನ್ ಹಚ್ಚಿದರೆ ಬೆಂಕಿಗೆ ಎಣ್ಣೆ ಸುರಿದಂತೆ. ‘ಸ್ಪೈರೋನೊಲ್ಯಾಕ್ಟೋನ್ ನನಗೆ ಹಿಡಿಯಲಿಲ್ಲ’ ಎನ್ನುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ, ಪಕ್ಕದಲ್ಲಿ ಯಾವ ಕ್ರೀಮು ನಡೆದಿದೆ ಎಂಬುದು.

ಆಂಟಿಬಯಾಟಿಕ್ ಬಗ್ಗೆ ಹೆಚ್ಚು ಮಾತಿಲ್ಲ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಉರಿಯೂತವನ್ನು ನಿಜಕ್ಕೂ ಇಳಿಸುತ್ತದೆ, ಹಾರ್ಮೋನನ್ನು ಮುಟ್ಟುವುದಿಲ್ಲ. ಹಾಗಾಗಿ ನಿಲ್ಲಿಸಿದ ಎರಡು ಮೂರು ತಿಂಗಳಿಗೆ ಗಂಟು ಹಳೆಯ ಜಾಗಕ್ಕೇ ವಾಪಸ್. ಮೂರು ತಿಂಗಳಿಗಿಂತ ಎಳೆಯಬಾರದು. ಒಂಟಿಯಾಗಿಯೂ ಬೇಡ, ಮುಖಕ್ಕೆ ಹಚ್ಚುವ ಬೆಂಜಾಯ್ಲ್ ಪೆರಾಕ್ಸೈಡ್ ಜೊತೆಗಿರಬೇಕು, ಇಲ್ಲವಾದರೆ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದಂತಾಗುತ್ತದೆ. ಬಿಸಿಲಿಗೆ ಚರ್ಮ ಸುಡುವ ಗುಣವೂ ಇದಕ್ಕಿದೆ, ನಮ್ಮ ಕಡೆ ಬೇಸಿಗೆಯಲ್ಲಿ ಶುರು ಮಾಡುವುದು ಅಷ್ಟು ಜಾಣತನವಲ್ಲ. ರಾತ್ರಿ ಗುಟುಕು ನೀರಲ್ಲಿ ನುಂಗಿ ಮಲಗಿದರೆ ಗುಳಿಗೆ ಅನ್ನನಾಳದಲ್ಲೇ ಕೂತು ಹುಣ್ಣು ಮಾಡುತ್ತದೆ. ತುಂಬಿದ ಲೋಟ ನೀರು ಕುಡಿದು, ಅರ್ಧ ಗಂಟೆ ಕೂತಿರಬೇಕು.

ಐಸೊಟ್ರೆಟಿನಾಯಿನ್ ಇವೆಲ್ಲಕ್ಕಿಂತ ಬಲಶಾಲಿ. ಕುಳಿ ಬೀಳಲು ಶುರುವಾಗಿದ್ದರೆ ನಾನೂ ಅದನ್ನೇ ಮೊದಲು ಹೇಳುತ್ತೇನೆ. ಲೆಕ್ಕ ಹೀಗೆ: ತೂಕ 60 ಕೆಜಿ, ಕೆಜಿಗೆ ಅರ್ಧ ಮಿಲಿಗ್ರಾಂನಂತೆ ದಿನಕ್ಕೆ 30. ಒಟ್ಟು ಗುರಿ ಸಾಮಾನ್ಯವಾಗಿ ಕೆಜಿಗೆ 120, ಅಂದರೆ 7,200 ಮಿಲಿಗ್ರಾಂ. ಭಾಗಿಸಿದರೆ 240 ದಿನ, ಎಂಟು ತಿಂಗಳು. ಬರಿಹೊಟ್ಟೆಯಲ್ಲಿ ತೆಗೆದುಕೊಂಡರೆ ಮೈಗೆ ಹತ್ತುವುದೇ ಕಡಿಮೆ. ರೊಟ್ಟಿಯ ಜೊತೆ ಶೇಂಗಾ ಚಟ್ನಿ, ತುಪ್ಪ ಇರುವ ಊಟದಲ್ಲೇ ನುಂಗಬೇಕು. ತುಟಿ ಒಡೆಯುವುದು ಖಚಿತ, ಲಿವರ್ ಮತ್ತು ಕೊಬ್ಬಿನಂಶದ ಪರೀಕ್ಷೆ ಬೇಕು. ಡಾಕ್ಸಿಸೈಕ್ಲಿನ್ ಜೊತೆ ಕೂಡಿಸಬಾರದು, ತಲೆಯೊಳಗಿನ ಒತ್ತಡ ಏರುವ ಅಪಾಯವಿದೆ. ಭ್ರೂಣಕ್ಕೆ ಇದು ಘೋರ ಹಾನಿ ಮಾಡುತ್ತದೆ, ನಿಲ್ಲಿಸಿ ಒಂದು ತಿಂಗಳವರೆಗೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಮಾಡಿದ ಮೇಲೂ ಹಾರ್ಮೋನಿನ ಮೊಡವೆ ಮರಳಿ ಬರುವುದು ಅಪರೂಪವಲ್ಲ.

ಇನ್ನು ನನ್ನ ಆಯ್ಕೆ. ಸ್ಪೈರೋನೊಲ್ಯಾಕ್ಟೋನ್ ಹಳೆಯ ಮೂತ್ರವರ್ಧಕ, ಹೃದಯ ಮತ್ತು ಬಿಪಿಗೆ ಕೊಡುವ ಗುಳಿಗೆ. ಆಂಡ್ರೊಜನ್ ಹೋಗಿ ಕೂರುವ ಜಾಗದಲ್ಲಿ ತಾನು ಕೂತು ಎಣ್ಣೆ ಕಡಿಮೆ ಮಾಡುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 410 ಹೆಂಗಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ವಾರ 50 ಮಿಲಿಗ್ರಾಂ, ಆಮೇಲೆ 100 ಕೊಟ್ಟರು. 12ನೇ ವಾರಕ್ಕಿಂತ 24ನೇ ವಾರಕ್ಕೆ ವ್ಯತ್ಯಾಸ ಎದ್ದು ಕಂಡಿತು. ಈ ನಿಧಾನವೇ ಅದರ ದೊಡ್ಡ ದೋಷ. ಮೂರು ದಿನಕ್ಕೆ ಮುಖ ತಿಳಿ ಮಾಡುವ ಟ್ಯೂಬು ಪಕ್ಕದ ಅಂಗಡಿಯಲ್ಲಿರುವಾಗ ಮೂರು ತಿಂಗಳು ಕಾಯಿರಿ ಎನ್ನುವುದು ಕಷ್ಟದ ಮಾತು.

ಗಂಗಾವತಿಯ 29ರ ಒಬ್ಬ ಟೀಚರ್ ಎಂದಿಟ್ಟುಕೊಳ್ಳಿ, ಪ್ರತಿ ತಿಂಗಳು ನಾಲ್ಕೈದು ಗಂಟು. ವೈದ್ಯರು ಮೊದಲು ಬಿಪಿ ನೋಡಿ, ಕಿಡ್ನಿ ತೊಂದರೆ ಇದೆಯೇ, ಬೇರೆ ಯಾವ ಗುಳಿಗೆ ನಡೆದಿದೆ ಎಂದು ಕೇಳುತ್ತಾರೆ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಗುಳಿಗೆ ಅಥವಾ ಉರಿಮೂತ್ರಕ್ಕೆ ಕೊಡುವ ಕೋಟ್ರೈಮೊಕ್ಸಜೋಲ್ ಜೊತೆಗೆ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ, ಅದನ್ನು ಬಿಡಬೇಕು. ಆರೋಗ್ಯವಾಗಿರುವ ಹರೆಯದವರಿಗೆ ಒಂದು ಎಳನೀರಿಗೆ ಹೆದರಬೇಕಿಲ್ಲ, ಕಿಡ್ನಿ ತೊಂದರೆ ಇದ್ದವರಿಗೆ ಈ ಗುಳಿಗೆಯೇ ಬೇಡ. ಶುರು 50 ಮಿಲಿಗ್ರಾಂ, ಬೆಳಗಿನ ತಿಂಡಿ ಆದ ಮೇಲೆ. ರಾತ್ರಿ ತೆಗೆದುಕೊಂಡರೆ ಮೂತ್ರಕ್ಕೆ ಏಳುವುದೇ ಕೆಲಸ. ತಲೆ ತಿರುಗಿದರೆ, ಅದರಲ್ಲೂ ಮೇ ತಿಂಗಳಲ್ಲಿ, ಮೈಯಲ್ಲಿ ನೀರು ಕಡಿಮೆಯಾಗಿರಬಹುದು. ಮುಟ್ಟು ಹಿಂದುಮುಂದಾಗಬಹುದು, ಎದೆ ನೋಯಬಹುದು. ಗರ್ಭದಲ್ಲಿ ಗಂಡು ಮಗು ಇದ್ದರೆ ಅದರ ಜನನಾಂಗದ ಬೆಳವಣಿಗೆಗೆ ಅಡ್ಡಿಯಾಗುವ ಅಪಾಯವಿದೆ, ಆದ್ದರಿಂದ ಮಗು ಬೇಕೆನ್ನುವವರು ಮೊದಲೇ ನಿಲ್ಲಿಸಬೇಕು.

ರಾತ್ರಿ ಮುಖ ತೊಳೆದು ಪೂರ್ತಿ ಒಣಗಿದ ಮೇಲೆ ಮಾಯಿಶ್ಚರೈಸರ್, ಅದರ ಮೇಲೆ 0.1 ಶೇಕಡಾ ಅಡಾಪಲೀನ್, ಬಟಾಣಿ ಕಾಳಿನಷ್ಟು. ಗಂಟಿನ ಮೇಲೆ ಚುಕ್ಕೆ ಇಡುವುದಲ್ಲ, ಇಡೀ ದವಡೆಗೆ ತೆಳುವಾಗಿ. ಮೊದಲ ಎರಡು ವಾರ ದಿನ ಬಿಟ್ಟು ದಿನ. ಮೊದಲ ತಿಂಗಳು ಮೊಡವೆ ತುಸು ಹೆಚ್ಚಾದರೂ ಆಗಬಹುದು. ಬೆಳಿಗ್ಗೆ 2.5 ಶೇಕಡಾ ಬೆಂಜಾಯ್ಲ್ ಪೆರಾಕ್ಸೈಡ್ ಸಾಕು, ಬಣ್ಣದ ದುಪಟ್ಟಾ ಮಾತ್ರ ದೂರವಿಡಿ, ತಾಕಿದಲ್ಲಿ ಬಿಳಿಚಿಕೊಳ್ಳುತ್ತದೆ. ಕನ್ನಡಿ ನೋಡಿ ತೀರ್ಪು ಕೊಡುವುದಕ್ಕಿಂತ ಕ್ಯಾಲೆಂಡರಿನಲ್ಲಿ ಮುಟ್ಟಿನ ಮುಂಚಿನ ವಾರ ಎಷ್ಟು ಗಂಟು ಎದ್ದವು ಎಂದು ಬರೆದಿಡುವುದು ಮೇಲು. ಐದಿದ್ದದ್ದು ಮೂರನೇ ತಿಂಗಳಿಗೆ ಮೂರಾಗಿದ್ದರೆ ಔಷಧ ಹಿಡಿದಿದೆ. ಆರು ತಿಂಗಳಾದರೂ ಐದೇ ಇದ್ದರೆ ಐಸೊಟ್ರೆಟಿನಾಯಿನ್ ಮಾತಾಡುವ ಸಮಯ.

ದುಪಟ್ಟಾ ಅಂದೆನಲ್ಲ, ಧೂಳಿಗೆ ಮುಖದ ಸುತ್ತ ಬಿಗಿದು ಸ್ಕೂಟಿ ಓಡಿಸುವವರಿಗೆ, ಅದರ ಮೇಲೆ ಹೆಲ್ಮೆಟ್ ಪಟ್ಟಿ ಉಜ್ಜುವವರಿಗೆ ದವಡೆ ಬೆವತು ತಿಕ್ಕಿ ಇನ್ನಷ್ಟು ಕೆಡುತ್ತದೆ. ಹತ್ತಿ ಬಟ್ಟೆ, ಸಡಿಲ ಕಟ್ಟು, ದಿನಾ ತೊಳೆದದ್ದು. ನಿಂಬೆರಸ, ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ ಬೇಡ. ಮಿರ್ಚಿ ಮಂಡಕ್ಕಿಯನ್ನು ಸುಮ್ಮನೆ ದೂರಬೇಡಿ.

ಗರ್ಭನಿರೋಧಕದ ವಿಷಯದಲ್ಲಿ ಒಂದು ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ನಿನಲ್ಲಿ ಪ್ರೊಜೆಸ್ಟಿನ್ ಮಾತ್ರ ಇದೆ, ಕೆಲವರಿಗೆ ಮೊಡವೆ ಹೆಚ್ಚುತ್ತದೆ. ಕಾಪರ್-ಟಿಯಲ್ಲಿ ಹಾರ್ಮೋನು ಇಲ್ಲ. ಎರಡು ಹಾರ್ಮೋನಿನ ಮಾತ್ರೆ ಮೊಡವೆಗೂ ಒಳ್ಳೆಯದೇ, ಆದರೆ ಕಣ್ಣಮುಂದೆ ಮಿಂಚು ಕಂಡು ಬರುವ ಮೈಗ್ರೇನ್, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಹತೋಟಿಯಲ್ಲಿಲ್ಲದ ಬಿಪಿ ಇದ್ದವರಿಗಲ್ಲ.

ಬಜೆಟ್ ನೋಡಿದರೂ ಸ್ಪೈರೋನೊಲ್ಯಾಕ್ಟೋನ್ ಹಗುರ. ದಿನಾ ಒಂದು ಗುಳಿಗೆ ನೆನಪಿಡುವವರಿಗೆ, ಆರು ತಿಂಗಳು ಕಾಯಬಲ್ಲವರಿಗೆ ಇದೇ. ಮಗುವಿನ ಯೋಚನೆಯಲ್ಲಿರುವವರಿಗೆ ಇದೂ ಅಲ್ಲ, ಅಡಾಪಲೀನೂ ಅಲ್ಲ, ಅಜೆಲಾಯಿಕ್ ಆಸಿಡ್ ಕ್ರೀಮು. ಮೊಡವೆಗೆಂದು ಗಂಡಸರಿಗೆ ಸ್ಪೈರೋನೊಲ್ಯಾಕ್ಟೋನ್ ಕೊಡುವುದಿಲ್ಲ, ಎದೆ ಬೆಳೆಯಬಹುದು. ನಾಲ್ಕು ದಿನದಲ್ಲಿ ಮದುವೆಯಿದ್ದು ಗದ್ದದ ಮೇಲೆ ಒಂದೇ ಗಂಟು ಎದ್ದಿದ್ದರೆ ಚರ್ಮದ ವೈದ್ಯರು ಅದರೊಳಗೆ ತೀರಾ ತೆಳು ಮಾಡಿದ ಟ್ರಯಾಮ್ಸಿನೋಲೋನ್ ಒಂದು ಹನಿಯಷ್ಟು ಚುಚ್ಚುತ್ತಾರೆ, ಎರಡು ಮೂರು ದಿನದಲ್ಲಿ ಕೂತುಬಿಡುತ್ತದೆ. ಅದೂ ಸ್ಟೀರಾಯ್ಡೇ. ಹನಿ ಹೆಚ್ಚಾದರೆ ಅಲ್ಲೇ ತಗ್ಗು ಬೀಳುತ್ತದೆ, ಅದಕ್ಕೇ ಕೈ ಪಳಗಿದವರ ಹತ್ತಿರವೇ ಹೋಗಬೇಕು.