ಕಾಲ್ ಇರುವ ಬಾಂಡಾ, ಇಲ್ಲದ್ದಾ?

ಎರಡೂ 10 ವರ್ಷದ, 1,000 ರೂಪಾಯಿಯ ಬಾಂಡ್ ಅಂದುಕೊಳ್ಳಿ. ಸಾದಾ ಬಾಂಡ್‌ಗೆ 8% ಬಡ್ಡಿ. ಇನ್ನೊಂದಕ್ಕೆ 8.4%, ಆದರೆ 3 ವರ್ಷವಾದ ಮೇಲೆ ಕಂಪನಿ 1,000 ಕೊಟ್ಟು ವಾಪಸ್ ಪಡೆಯಬಹುದು. 0.4% ಸುಮ್ನೆ ಕೊಡಲ್ಲ, ಅದು ‘ಕಾಲ್’ ಅನ್ನುವ ಈ ಹಕ್ಕಿನ ಬೆಲೆ.

ಮಾರುಕಟ್ಟೆಯ ಯೀಲ್ಡ್, ಅಂದರೆ ಇವತ್ತಿನ ಬೆಲೆಗೆ ಕೊಂಡರೆ ಸಿಗುವ ವಾರ್ಷಿಕ ಆದಾಯ, 8%ರಿಂದ 6%ಕ್ಕೆ ಇಳಿದರೆ ಸಾದಾ ಬಾಂಡ್ ಸುಮಾರು 1,147ಕ್ಕೆ ಏರುತ್ತದೆ. ಕಾಲ್ ಇರುವುದು 1,064 ದಾಟಲ್ಲ. ಕಂಪನಿ ಅಗ್ಗದ ಸಾಲ ತಂದು ಇದನ್ನು ತೀರಿಸುತ್ತದೆ ಅಂತ ಎಲ್ಲರಿಗೂ ಗೊತ್ತು. 3 ವರ್ಷದಲ್ಲಿ 1,000 ಬರುವುದಕ್ಕೆ ಯಾರು ಜಾಸ್ತಿ ಕೊಡುತ್ತಾರೆ? ಯೀಲ್ಡ್ 10ಕ್ಕೆ ಏರಿದರೆ ಕಂಪನಿ ಸುಮ್ಮನಿರುತ್ತದೆ. ಆಗ ಸಾದಾ ಬಾಂಡ್ 877, ಇದು 900ರ ಆಸುಪಾಸು. ಅಂದರೆ ಇದರ ಬೆಲೆ ಏರಿದರೆ ಹೆಚ್ಚೆಂದರೆ 64, ಇಳಿದರೆ ನೂರರಷ್ಟು. ನೆಗೆಟಿವ್ ಕಾನ್ವೆಕ್ಸಿಟಿ ಅಂದರೆ ಇದೇ.

ಅಮೆರಿಕದ 30 ವರ್ಷದ ಸ್ಥಿರ ಬಡ್ಡಿಯ ಗೃಹಸಾಲಗಳನ್ನು ಒಟ್ಟುಗೂಡಿಸಿ ಮಾಡಿದ ಬಾಂಡ್‌ನಲ್ಲೂ ಇದೇ ಕಥೆ. ಅಲ್ಲಿ ಕಾಲ್ ದಿನಾಂಕವೇ ಇಲ್ಲ; ಬಡ್ಡಿ ಇಳಿದಾಗ ಕೆಲವು ಸಾಲಗಾರರು ಬೇಗ ತೀರಿಸುತ್ತಾರೆ, ಕೆಲವರು ಆಲಸ್ಯ ಮಾಡುತ್ತಾರೆ. ಹಾಗಾಗಿ ಅಂದಾಜು ಇನ್ನೂ ಕಷ್ಟ.

ಬಡ್ಡಿ ಇಳಿಯುತ್ತದೆ ಅನ್ನುವ ನಂಬಿಕೆಯಿದ್ದರೆ ನಾನು ಸಾದಾ ಬಾಂಡನ್ನೇ ಹಿಡಿಯುತ್ತೇನೆ. ಬಡ್ಡಿ ಇದ್ದಲ್ಲೇ ಇರುತ್ತದೆ ಅನ್ನಿಸಿದರೆ 8.4%ರ ಬಾಂಡೇ ಲಾಭ. ಕೊಳ್ಳುವಾಗ ಮಾತ್ರ ಕಾಲ್ ದಿನಾಂಕದವರೆಗಿನ ಯೀಲ್ಡ್ ಕೇಳಿ.